ಪುಟಕ್ಕೆ ಎಷ್ಟು ಅಂತ ಕೇಳಿದರೆ

‘ಏನ್ರೀ ಸರ, ಪುಟಕ್ಕ ಎಷ್ಟ್ ತಗೋತೀರಿ?’

ಧಾರವಾಡದಲ್ಲಿ ಅನುವಾದದ ಕೆಲಸಕ್ಕೆ ಕುಳಿತ ಮೊದಲ ವರ್ಷ ಈ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇತ್ತು. ನೂರೈವತ್ತು ರೂಪಾಯಿ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಈಗ ಯೋಚಿಸಿದರೆ ನಗು ಬರುತ್ತದೆ. ಕೋರ್ಟ್ ಎದುರಿನ ಟೈಪಿಂಗ್ ಅಂಗಡಿಯವರು ನೂರು ತಗೊಳ್ಳುತ್ತಿದ್ದರು. ನಾನು ಎಂ.ಎ. ಮಾಡಿದವನು, ಅದಕ್ಕೆ ಐವತ್ತು ಜಾಸ್ತಿ. ಅಷ್ಟೇ ಲೆಕ್ಕ.

ಇಲ್ಲಿ 2008ರಲ್ಲಿ ಹೈಕೋರ್ಟಿನ ಪೀಠ ಶುರುವಾಯಿತು. ಕೆಳಗಿನ ಕೋರ್ಟಿನಲ್ಲಿ ಕನ್ನಡದಲ್ಲೇ ನಡೆದ ಆಸ್ತಿ ವ್ಯಾಜ್ಯ ಅಪೀಲಿಗೆ ಹೋದಾಗ ಕಾಗದಗಳು ಇಂಗ್ಲಿಷಿಗೆ ಬರಬೇಕು. ಖರೀದಿ ಪತ್ರ, ಮನೆತನದ ಆಸ್ತಿ ಪಾಲು ಮಾಡಿಕೊಂಡ ವಾಟ್ನಿ ಪತ್ರ, ಪಹಣಿ ಅಂತಲೂ ಕರೆಯುವ ಉತಾರ, ಸಾಕ್ಷಿ ಹೇಳಿಕೆ. ನನ್ನ ಹೊಟ್ಟೆಪಾಡಿನ ಮುಕ್ಕಾಲು ಭಾಗ ಇವೇ. ಮೊದಲ ದೊಡ್ಡ ಕೆಲಸ ಸಹ ಹಾಗೇ ಬಂತು: ಒಬ್ಬ ವಕೀಲರ ಜೂನಿಯರ್ ಹುಡುಗ ಹನ್ನೆರಡು ಪುಟದ ಹಳೆಯ ಪತ್ರವೊಂದರ ಝೆರಾಕ್ಸ್ ತಂದಿಟ್ಟ. ನಾನು ಕಾಗದ ಬಿಡಿಸಿ ನೋಡುವ ಮೊದಲೇ ನೂರೈವತ್ತು ಅಂದೆ. ಹನ್ನೆರಡು ಪುಟಕ್ಕೆ 1,800 ರೂಪಾಯಿ. ಅವನು ಚೌಕಾಸಿ ಸಹ ಮಾಡಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಅದು ಉದ್ದನೆಯ ಲೀಗಲ್ ಕಾಗದ. ಕೈಬರಹ. ಒಂದು ಪುಟಕ್ಕೆ 28 ಸಾಲು, ಸಾಲಿಗೆ ಹತ್ತು ಪದ. ಅಂದರೆ ಪುಟಕ್ಕೆ 280 ಕನ್ನಡ ಪದ, ಒಟ್ಟು 3,360. ಇಂಗ್ಲಿಷಿನಲ್ಲಿ ಅದು ಸುಮಾರು 5,400 ಪದ ಆಯಿತು. ಬರೀ ಅನುವಾದಕ್ಕೆ ನನಗೆ 22 ಗಂಟೆ ಹಿಡಿಯಿತು. ಅದಕ್ಕೂ ಮುಂಚೆ ಅಕ್ಷರ ಬಿಡಿಸಿಕೊಂಡು ಓದಲು ಪುಟಕ್ಕೆ ನಲವತ್ತು ನಿಮಿಷದಂತೆ ಎಂಟು ಗಂಟೆ. ಹೆಸರು, ಸರ್ವೆ ನಂಬರು, ನಾಲ್ಕೂ ದಿಕ್ಕಿನ ಗಡಿ ಹೇಳುವ ಚಕಬಂದಿ ತಾಳೆ ನೋಡಲು ಇನ್ನೂ ನಾಲ್ಕು. ಒಟ್ಟು 34 ಗಂಟೆ. 1,800 ರೂಪಾಯಿಯನ್ನು 34ರಿಂದ ಭಾಗಿಸಿದರೆ ಗಂಟೆಗೆ 53 ರೂಪಾಯಿ. ಆ ವಾರ ನಮ್ಮ ಮನೆಯ ಹಿತ್ತಿಲ ಗೋಡೆ ಕಟ್ಟುತ್ತಿದ್ದ ಗೌಂಡಿಯ ಪಗಾರ ಎಷ್ಟು ಅಂತ ನನಗೆ ಗೊತ್ತಿತ್ತು, ಕೊಡುವವನು ನಾನೇ ಅಲ್ವಾ. ಅವನ ಜೊತೆಗಿದ್ದ ಆಳಿಗೂ ನನಗಿಂತ ಜಾಸ್ತಿ ಬೀಳುತ್ತಿತ್ತು.

ತಪ್ಪು ದರ ಕಡಿಮೆ ಇದ್ದದ್ದರಲ್ಲಿ ಮಾತ್ರ ಇರಲಿಲ್ಲ. ‘ಪುಟ’ ಅನ್ನೋದರಲ್ಲಿ ಇತ್ತು. ಪುಟ ಅಂದರೆ ಯಾವ ಪುಟ? ಅವರು ತಂದ ಉದ್ದ ಕಾಗದವೋ, ನಾನು ಟೈಪ್ ಮಾಡಿ ಕೊಡುವ ಕಾಗದವೋ? ಹದಿನಾಲ್ಕರ ಅಕ್ಷರವೋ, ಹನ್ನೆರಡರದೋ? ಸಾಲಿನ ನಡುವೆ ಎಷ್ಟು ಜಾಗ? ಪುಟವನ್ನು ಯಾರು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಯುರೋಪಿನಲ್ಲಿ ಇದೇ ತಕರಾರಿಗೆ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಖಾಲಿ ಜಾಗವೂ ಸೇರಿ 1,800 ಅಕ್ಷರ ಇದ್ದರೆ ಒಂದು ಪುಟ ಅಂತ ಅಲ್ಲಿ ಬಹಳ ಕಡೆ ಲೆಕ್ಕ. ಆ ಲೆಕ್ಕ ಕನ್ನಡಕ್ಕೆ ಸುಮ್ನೆ ತಂದರೆ ಕೆಡುತ್ತದೆ. ‘ಹುಬ್ಬಳ್ಳಿ’ ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡಿನಲ್ಲಿ ಕಂಪ್ಯೂಟರ್ ಅದನ್ನು ಒಂಬತ್ತು ಅಂತ ಎಣಿಸುತ್ತದೆ. ಒತ್ತು, ಗುಣಿತ ಎಲ್ಲವೂ ಅದಕ್ಕೆ ಬೇರೆ ಬೇರೆ.

ಹಾಗಾದರೆ ಪದ ಎಣಿಸೋಣ ಅಂತ ಹೊರಟೆ. ಅಲ್ಲಿ ಇನ್ನೊಂದು ಗುಂಡಿ. ಯಾವ ಭಾಷೆಯ ಪದ?

‘ಮನೆಯಲ್ಲೇ’ ಅನ್ನೋದು ಒಂದು ಪದ. ಇಂಗ್ಲಿಷಿಗೆ ಬಂದರೆ ‘ಇನ್ ದಿ ಹೌಸ್ ಇಟ್ಸೆಲ್ಫ್’, ನಾಲ್ಕು ಪದ. ನಮ್ಮ ವಿಭಕ್ತಿ, ಅವಧಾರಣೆ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಒಂದೊಂದೂ ಬೇರೆ ನಿಲ್ಲುತ್ತದೆ. ಪತ್ರದ ಒಂದು ಸಾಧಾರಣ ವಾಕ್ಯ ನೋಡಿ: ‘ಸದರಿ ಜಮೀನು ನನ್ನ ಹಿರಿಯರಿಂದ ಬಂದಿದ್ದು, ಇಂದಿನವರೆಗೂ ನನ್ನ ಸ್ವಾಧೀನದಲ್ಲಿಯೇ ಇರುತ್ತದೆ.’ ಒಂಬತ್ತು ಪದ. ನಾನು ಮಾಡಿದ ಇಂಗ್ಲಿಷಿನಲ್ಲಿ ಹತ್ತೊಂಬತ್ತು. ಎಲ್ಲ ವಾಕ್ಯವೂ ಹೀಗೆ ಎರಡು ಪಟ್ಟು ಆಗಲ್ಲ. ಹೆಸರು, ಊರು, ಅಂಕಿಗಳು ಇರುವ ಕಡೆ ಒಂದಕ್ಕೆ ಒಂದೇ. ನನ್ನ ಆಸ್ತಿ ಪತ್ರಗಳಲ್ಲಿ ಸರಾಸರಿ ಸುಮಾರು 1.6 ಪಟ್ಟು ಬರುತ್ತದೆ. ಅಂದರೆ ‘ಪದಕ್ಕೆ ಒಂದೂವರೆ ರೂಪಾಯಿ’ ಅಂತ ಒಬ್ಬ ಅನುವಾದಕ ಕನ್ನಡ ಪದ ಎಣಿಸಿ ಹೇಳಿದರೆ, ಇನ್ನೊಬ್ಬ ಇಂಗ್ಲಿಷ್ ಪದ ಎಣಿಸಿ ಹೇಳಿದರೆ, ದರ ಒಂದೇ ಕೇಳಿಸುತ್ತದೆ. ಮೊದಲಿನವನಿಗೆ ನೂರು ಸಿಕ್ಕ ಕಡೆ ಎರಡನೆಯವನಿಗೆ ನೂರಾ ಅರವತ್ತು.

ನಾನು ಕೊನೆಗೆ ಹಿಡಿದ ದಾರಿ ಸರಳ. ಯಾವ ಕಡೆಯಿಂದ ಯಾವ ಕಡೆಗೆ ಹೋದರೂ ಇಂಗ್ಲಿಷ್ ಪದವನ್ನೇ ಎಣಿಸುತ್ತೇನೆ. ಇಂಗ್ಲಿಷಿನಿಂದ ಕನ್ನಡಕ್ಕಾದರೆ ಮೂಲವನ್ನು ಎಣಿಸುವುದು. ಫೈಲ್ ತೆರೆದ ತಕ್ಷಣ ಸಂಖ್ಯೆ ಇಬ್ಬರಿಗೂ ಕಾಣುತ್ತದೆ. ಕನ್ನಡದಿಂದ ಇಂಗ್ಲಿಷಿಗಾದರೆ ನಾನು ಮಾಡಿ ಕೊಟ್ಟದ್ದನ್ನು ಎಣಿಸುವುದು. ಇದರಲ್ಲಿ ಗಿರಾಕಿಗೆ ಒಂದು ನ್ಯಾಯವಾದ ಹೆದರಿಕೆ ಇದೆ: ಇವನು ಪದ ಎಳೆದು ಎಳೆದು ಬರೆದು ಬಿಲ್ ಬೆಳೆಸಿದರೆ? ಅದಕ್ಕೆ ಮೊದಲೇ ಅಂದಾಜು ಹೇಳುತ್ತೇನೆ. ಅದರ ಮೇಲೆ ಶೇಕಡಾ 10ಕ್ಕಿಂತ ಜಾಸ್ತಿ ಏನೇ ಆದರೂ ಕೇಳಲ್ಲ ಅಂತ ಬರೆದುಕೊಡುತ್ತೇನೆ.

ದರ ಪದಕ್ಕೆ ಒಂದೂವರೆ ರೂಪಾಯಿ. ಇದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಚ್ಚಾದ, ಸರಿಯಾಗಿ ಓದಲು ಬರುವ ಕನ್ನಡದಿಂದ ನಾನು ತಾಸಿಗೆ 250 ಇಂಗ್ಲಿಷ್ ಪದ ಮುಗಿಸುತ್ತೇನೆ. ಮುಗಿಸುವುದು ಅಂದರೆ ಮತ್ತೊಮ್ಮೆ ಓದಿ ತಿದ್ದುವುದೂ ಸೇರಿ. ತಾಸಿಗೆ 375 ರೂಪಾಯಿ. ದಿನಕ್ಕೆ ಐದು ತಾಸಿಗಿಂತ ಜಾಸ್ತಿ ಇದನ್ನು ಮಾಡಿದರೆ ಸಂಜೆ ಹೊತ್ತಿಗೆ ‘ಪೂರ್ವ’ ಇದ್ದಲ್ಲಿ ‘ಪಶ್ಚಿಮ’ ಅಂತ ಬರೆಯುತ್ತೇನೆ, ಅನುಭವದಿಂದ ಗೊತ್ತು. ಉಳಿದ ತಾಸು ಫೋನು, ಬಿಲ್ಲು, ಬಾಕಿ ವಸೂಲಿ. ಅದಕ್ಕೆ ಯಾರೂ ದುಡ್ಡು ಕೊಡಲ್ಲ.

ವಕೀಲರಿಗೆ ಮಾತ್ರ ಪದದ ಲೆಕ್ಕ ಹೇಳಿದರೆ ಮುಖ ಗಂಟಾಗುತ್ತದೆ. ಅವರಿಗೆ ಪುಟವೇ ಬೇಕು. ಇರಲಿ, ಪುಟಕ್ಕೆ 375 ಅನ್ನುತ್ತೇನೆ, ಕೆಳಗೆ ‘ಒಂದು ಪುಟ ಅಂದರೆ 250 ಇಂಗ್ಲಿಷ್ ಪದ’ ಅಂತ ಒಂದು ಸಾಲು. ಇವರೂ ಖುಷಿ, ನಾನೂ ಖುಷಿ.

ಕನಿಷ್ಠ ಶುಲ್ಕದ ಮಾತು ಬಂದಾಗಲೇ ಹೆಚ್ಚು ಜಗಳ. ಕಳೆದ ವರ್ಷ ಒಬ್ಬ ಹುಡುಗಿ ಹೊರದೇಶಕ್ಕೆ ಓದಲು ಹೊರಟಿದ್ದಳು, ಜನನ ಪ್ರಮಾಣಪತ್ರ ಇಂಗ್ಲಿಷಿಗೆ ಬೇಕಿತ್ತು. ‘ಒಂದ ಪುಟ ಐತ್ರಿ ಅಂಕಲ್, ಹತ್ತ್ ನಿಮಿಷದ ಕೆಲಸ.’ ಪದ ಎಣಿಸಿದರೆ 65. ನನ್ನ ದರಕ್ಕೆ 97 ರೂಪಾಯಿ 50 ಪೈಸೆ. ಆದರೆ ಕೆಲಸ ನಡೆದದ್ದು ಹೀಗೆ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಮೂಲೆಯ ಸೀಲು ಕಾಣುತ್ತಿರಲಿಲ್ಲ, ಮತ್ತೆ ತರಿಸಿದೆ. ತಂದೆಯ ಹೆಸರು ಪ್ರಮಾಣಪತ್ರದಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಒಂದು ಥರ. ಪಾಸ್‌ಪೋರ್ಟಿನ ಸ್ಪೆಲ್ಲಿಂಗ್ ಕೇಳಿ ತರಿಸಿಕೊಂಡೆ. ಸೀಲು, ಸಹಿ, ನೋಂದಣಿ ಸಂಖ್ಯೆ ಮೂಲದಲ್ಲಿ ಎಲ್ಲಿ ಇದ್ದವೋ ಅಲ್ಲೇ ಇರುವಂತೆ ಚೌಕಟ್ಟು ಹಾಕಿದೆ. ಅನುವಾದ ಸರಿ ಇದೆ ಅಂತ ಒಂದು ದೃಢೀಕರಣ, ಪ್ರಿಂಟು, ಸಹಿ. ಗಡಿಯಾರ ನೋಡಿದರೆ 55 ನಿಮಿಷ. ಅದರಲ್ಲಿ ಅನುವಾದ ಅನ್ನುವಂಥದ್ದು ಹತ್ತೇ ನಿಮಿಷ, ಅವಳು ಹೇಳಿದ್ದು ಸುಳ್ಳಲ್ಲ. ಉಳಿದ ಮುಕ್ಕಾಲು ತಾಸು 65 ಪದಕ್ಕೂ ಅಷ್ಟೇ, 650 ಪದಕ್ಕೂ ಅಷ್ಟೇ.

ಅದಕ್ಕೇ ನನ್ನ ಕನಿಷ್ಠ ಶುಲ್ಕ 400. ಸುಮಾರು ಒಂದು ತಾಸಿನ ಬೆಲೆ. 266 ಪದ ದಾಟುವವರೆಗೆ 400, ದಾಟಿದ ಮೇಲೆ ಪದದ ಲೆಕ್ಕ. ಆದರೆ ಇದನ್ನು ಕಾಗದಕ್ಕೊಂದರಂತೆ ಹಾಕಬಾರದು, ಕೆಲಸಕ್ಕೊಂದರಂತೆ ಹಾಕಬೇಕು. ಅದೇ ಹುಡುಗಿ ಆಮೇಲೆ ನಾಲ್ಕು ಸಣ್ಣ ಪ್ರಮಾಣಪತ್ರ ಒಟ್ಟಿಗೆ ತಂದಳು. ಹೆಸರಿನ ಸ್ಪೆಲ್ಲಿಂಗ್ ಗೊತ್ತಿದೆ, ಫೋನು ಒಂದೇ, ಪ್ರಿಂಟು ಒಂದೇ ಸಲ. ನಾಲ್ಕೂ ಕೂಡಿ 310 ಪದ, 465 ರೂಪಾಯಿ ಆಯಿತು. ನಾಲ್ಕು ನಾನ್ನೂರು ಅಂತ 1,600 ಕೇಳಿದ್ದರೆ ಅದು ಕನಿಷ್ಠ ಶುಲ್ಕ ಅಲ್ಲ, ಸುಲಿಗೆ.

ಈಗ ಕಷ್ಟದ ಮೂಲದ ವಿಷಯ. ಕಷ್ಟ ಅಂದ ಕೂಡಲೇ ಸರ್ಚಾರ್ಜ್ ಹಾಕುವವರನ್ನು ನೋಡಿದ್ದೇನೆ. ಕಾನೂನು ಪದ ಜಾಸ್ತಿ ಇವೆ ಅಂತ ಶೇಕಡಾ 20, ವಾಕ್ಯ ಉದ್ದ ಇದೆ ಅಂತ ಶೇಕಡಾ 10. ನನಗೆ ಇದು ಒಪ್ಪಿಗೆ ಇಲ್ಲ. ‘ಮಿಳಕತ್ತು’ ಅಂದರೆ ಆಸ್ತಿ, ‘ಕಬ್ಜಾ’ ಅಂದರೆ ಸ್ವಾಧೀನ, ‘ಕೋಂ’ ಅಂದರೆ ಇಂಥವರ ಹೆಂಡತಿ ಅಂತ ನನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದು ನನ್ನ ಕೊರತೆ. ನಾನು ಕಲಿಯುವ ಖರ್ಚನ್ನು ಗಿರಾಕಿ ಯಾಕೆ ಕೊಡಬೇಕು? ಆಸ್ತಿ ಪತ್ರ ಮಾಡುತ್ತೇನೆ ಅಂತ ಬೋರ್ಡ್ ಹಾಕಿಕೊಂಡ ಮೇಲೆ ಆ ಭಾಷೆ ನನ್ನ ಮಾಮೂಲು ದರದಲ್ಲೇ ಸೇರಿರಬೇಕು.

ಓದಲು ಆಗದ ಕಾಗದ ಮಾತ್ರ ಬೇರೆ. ಅಲ್ಲಿ ನಾನು ಎಷ್ಟು ಕಲಿತಿದ್ದರೂ ಹೊತ್ತು ಹೋಗೇ ಹೋಗುತ್ತದೆ. ಮೊದಲ ಕೆಲಸದ ಲೆಕ್ಕ ತಿರುಗಿ ನೋಡಿ: 22 ತಾಸಿನ ಅನುವಾದದ ಮೇಲೆ ಓದಲು, ತಾಳೆ ನೋಡಲು 12 ತಾಸು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನನ್ನ ಶೇಕಡಾ 50ರ ಸರ್ಚಾರ್ಜ್ ಹುಟ್ಟಿದ್ದು ಅಲ್ಲಿಂದ. ಇಂದಿನ ದರದಲ್ಲಿ ಆ ಪತ್ರಕ್ಕೆ 8,100, ಅದರ ಮೇಲೆ 4,050. ಒಟ್ಟು 12,150. ತಾಸಿಗೆ ಹಾಕಿದರೆ 357 ಬೀಳುತ್ತದೆ, ಅಚ್ಚಾದ ಕಾಗದಕ್ಕೆ ಸಿಗುವುದಕ್ಕಿಂತ ತುಸು ಕಡಿಮೆಯೇ. ಕಷ್ಟದ ಕಾಗದದಲ್ಲಿ ಲಾಭ ಇರುವುದಿಲ್ಲ. ಸರ್ಚಾರ್ಜ್ ಹಾಕಿದರೆ ನಷ್ಟ ಆಗಲ್ಲ, ಅಷ್ಟೇ.

ಎಷ್ಟು ಕಷ್ಟ ಅಂತ ಅಳೆಯುವುದು ಹೇಗೆ? ಹಾವೇರಿ ಕಡೆಯ ಒಂದು ಮನೆತನದ ವಾಟ್ನಿ ಪತ್ರ ಬಂದಾಗ ಮಾಡಿದ್ದನ್ನು ಹೇಳುತ್ತೇನೆ.

ಒಂಬತ್ತು ಪುಟ. ಝೆರಾಕ್ಸಿನ ಝೆರಾಕ್ಸು. ತಂದವರು ಆ ಮನೆಯ ಅಳಿಯ, ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟವರು, ಚಿಗರಿ ಬಸ್ಸು ಹತ್ತಿ ಬಂದಿದ್ದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಅರ್ಧ ತಾಸು ಕೂರ್ರಿ, ಚಹಾ ಕುಡೀರಿ ಅಂದೆ. ನಡುವಿನ ಒಂದು ಪುಟ ತೆಗೆದೆ. ಮೊದಲ ಪುಟ ನೋಡಿ ದರ ಹೇಳಬಾರದು. ಅಲ್ಲಿ ಅರ್ಧ ಪುಟ ಸ್ಟಾಂಪೇ ಇರುತ್ತದೆ, ಬರೆದವನ ಕೈಯೂ ಆಗ ಉಮೇದಿನಲ್ಲಿ ಇರುತ್ತದೆ, ಅಕ್ಷರ ದುಂಡಗೆ. ಕೊನೆಯ ಪುಟದಲ್ಲಿ ಸಹಿ, ಹೆಬ್ಬಟ್ಟು ಬಿಟ್ಟರೆ ಏನಿಲ್ಲ. ಬರೆದವನಿಗೆ ಬೇಜಾರು ಬಂದು ಅಕ್ಷರ ಓಡಲು ಶುರುವಾಗುವುದು ಐದನೇ ಪುಟದ ಹೊತ್ತಿಗೆ.

ಆ ಪುಟದಲ್ಲಿ 260 ಪದ ಇದ್ದವು. ನಿಲ್ಲದೆ ಒಂದು ಸಲ ಓದುತ್ತಾ ಹೋದೆ, ತಿಳಿಯದ ಪದಕ್ಕೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟೆ. ಚುಕ್ಕಿ 31. ಶೇಕಡಾ 12. ನನ್ನ ನಿಯಮ ಇಷ್ಟು: ಚುಕ್ಕಿ ನೂರಕ್ಕೆ ಮೂರರ ಒಳಗಿದ್ದರೆ ಸರ್ಚಾರ್ಜ್ ಇಲ್ಲ. ಮೂರರಿಂದ ಹತ್ತರವರೆಗೆ ಶೇಕಡಾ 25. ಹತ್ತು ದಾಟಿದರೆ 50. ಇಪ್ಪತ್ತೈದು ದಾಟಿದರೆ ಕೆಲಸವೇ ಬೇಡ, ಒಳ್ಳೆಯ ಪ್ರತಿ ತನ್ನಿ ಅಂತ ಕಳಿಸುತ್ತೇನೆ. ಅಷ್ಟು ತೂತಿರುವ ಪತ್ರದಲ್ಲಿ ನಾನು ಮಾಡುವುದು ಅನುವಾದ ಆಗಲ್ಲ, ಕಥೆ ಆಗುತ್ತದೆ.

ಮರಾಠಿಯ ಮೋಡಿ ಲಿಪಿ ಬಂದರೆ ಈ ಯಾವ ನಿಯಮವೂ ನಡೆಯಲ್ಲ. 1956ರ ತನಕ ನಮ್ಮದು ಮುಂಬಯಿ ಪ್ರಾಂತ. ಹಳೆಯ ಕಾಗದದ ಅಂಚಿನಲ್ಲಿ ಎರಡು ಸಾಲು ಮೋಡಿ ಇರುವುದು ಅಪರೂಪ ಏನಲ್ಲ. ನನಗೆ ಅದು ಬರಲ್ಲ. ಓದಬಲ್ಲ ಹಿರಿಯರೊಬ್ಬರಿಗೆ ಕೊಡುತ್ತೇನೆ, ಅವರು ಕೇಳಿದಷ್ಟನ್ನೇ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸುತ್ತೇನೆ.

ಅಳಿಯನವರಿಗೆ ಲೆಕ್ಕ ಬರೆದು ತೋರಿಸಿದೆ. ಏಳು ಪುಟ ತುಂಬಿದವು, ಮೊದಲನೆಯದು ಅರ್ಧ, ಕೊನೆಯದು ಐವತ್ತು ಪದ. ಒಟ್ಟು ಎರಡು ಸಾವಿರ ಕನ್ನಡ ಪದ, ಇಂಗ್ಲಿಷಿನಲ್ಲಿ ಸುಮಾರು 3,200. ಅದಕ್ಕೆ 4,800. ಓದುವ ಸರ್ಚಾರ್ಜ್ 2,400. ಒಟ್ಟು 7,200.

‘ಟೈಪಿಂಗ್ ಅಂಗಡ್ಯಾಗ ಪುಟಕ್ಕ ಇನ್ನೂರು ಅಂದಾರ್ರಿ. ಒಂಬತ್ತ್ ಪುಟಕ್ಕ ಸಾವಿರದ ಎಂಟುನೂರು.’

ಅದೇ 1,800. ನನ್ನ ಮೊದಲ ಕೆಲಸದ ಸಂಖ್ಯೆ ತಿರುಗಿ ಬಂದು ಎದುರು ಕೂತಿತ್ತು.

ವಾದ ಮಾಡಲಿಲ್ಲ. ಚುಕ್ಕಿ ಇಟ್ಟ ಪುಟವನ್ನೇ ಅವರ ಮುಂದೆ ಹಿಡಿದೆ. ಒಂದು ಕಡೆ ಜಮೀನಿನ ವಿಸ್ತೀರ್ಣ 4 ಎಕರೆ, ಗುಂಟೆಯ ಕಡೆ ‘೨೬’ ಅಂತಲೂ ಓದಬಹುದು, ‘೨೯’ ಅಂತಲೂ ಓದಬಹುದು. ಮಸುಕಾದ ಝೆರಾಕ್ಸಿನಲ್ಲಿ ಕನ್ನಡದ ಆರು ಮತ್ತು ಒಂಬತ್ತು ಅಣ್ಣ ತಮ್ಮ ಇದ್ದ ಹಾಗೆ. ಇದು ಬಿಡಿಸಲು ಒಂದು ಉಪಾಯ ಇದೆ. ಮುಂದಿನ ಪುಟದಲ್ಲಿ ಇಬ್ಬರಿಗೆ ಹಂಚಿದ್ದು ಬರೆದಿದೆ: ಒಬ್ಬನಿಗೆ 2 ಎಕರೆ 14 ಗುಂಟೆ, ಇನ್ನೊಬ್ಬನಿಗೆ 2 ಎಕರೆ 15. ಕೂಡಿಸಿದರೆ 4 ಎಕರೆ 29. ಹಾಗಾಗಿ ಅದು ಒಂಬತ್ತು. ಆಕಾರವನ್ನೂ, ಅಂದರೆ ಜಮೀನಿನ ಕಂದಾಯವನ್ನೂ, ಹೀಗೇ ಪರೀಕ್ಷೆ ಮಾಡಬಹುದು, ಹದಿನಾರು ಆಣೆಗೆ ರೂಪಾಯಿ ಅಂತ ಕೂಡಿಸಿ. ಆದರೆ ಸರ್ವೆ ನಂಬರಿಗೆ ಕೂಡಿಸಿ ನೋಡುವ ಉಪಾಯ ಇಲ್ಲ. ಇದರಲ್ಲಿ ಒಂದು ಸರ್ವೆ ನಂಬರಿನ ಕೊನೆಯ ಅಂಕಿಯೂ ಆರೋ ಒಂಬತ್ತೋ ತಿಳಿಯುತ್ತಿರಲಿಲ್ಲ. ಇಂದಿನ ಉತಾರ ನೋಡಿ ಊಹಿಸಬಹುದು, ಆದರೆ ಅನುವಾದದಲ್ಲಿ ಊಹೆ ಬರೆಯುವ ಹಾಗಿಲ್ಲ. ‘ಓದಲಾಗದು’ ಅಂತ ಚೌಕದಲ್ಲಿ ಬರೆಯಬೇಕು. ಎದುರು ಪಕ್ಷದ ವಕೀಲರು ಹುಡುಕುವುದು ಅದನ್ನೇ.

ಇಸವಿಯದೂ ಒಂದು ಸಿಕ್ಕು. ಪತ್ರದಲ್ಲಿ ಶಕೆ 1863, ವೃಷ ಸಂವತ್ಸರ, ಮಾಘ ಮಾಸ ಅಂತ ಇತ್ತು. ಶಕೆಗೆ 78 ಕೂಡಿಸಿದರೆ ಇಸವಿ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, 1941 ಬರುತ್ತದೆ. ಆದರೆ ಶಕೆ ಬದಲಾಗುವುದು ಯುಗಾದಿಗೆ. ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ಹೊಸ ವರ್ಷ ಆಗಿಹೋಗಿರುತ್ತದೆ. 79 ಕೂಡಿಸಬೇಕು. ಅದು 1942ರ ಆರಂಭ. ಅಂಗಡಿಯ ಇನ್ನೂರು ರೂಪಾಯಿಯಲ್ಲಿ ಇದು ಸೇರಿರುವುದಿಲ್ಲ. ಸೇರಿರಬೇಕು ಅಂತ ನಾನು ಹೇಳುತ್ತಲೂ ಇಲ್ಲ, ಅವರು ಟೈಪಿಂಗಿನ ದುಡ್ಡು ತಗೊಳ್ಳುತ್ತಾರೆ.

ಅಳಿಯನವರು ಸುಮ್ಮನಾದರು. ಆದರೆ 7,200 ಅವರಿಗೆ ಭಾರ ಅಂತ ಮುಖದಲ್ಲೇ ಕಾಣುತ್ತಿತ್ತು. ದರ ಇಳಿಸುವ ಬದಲು ಕಷ್ಟವನ್ನೇ ಇಳಿಸೋಣ ಅಂದೆ. ಪತ್ರದ ಕೊನೆಯಲ್ಲಿ ನೋಂದಣಿ ಸಂಖ್ಯೆ ಇತ್ತು. ನೋಂದಣಿಯಾದ ಆಸ್ತಿ ಪತ್ರವನ್ನು ಆ ಕಾಲದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ಗುಮಾಸ್ತರು ಕೈಯಿಂದ ನಕಲು ಮಾಡಿ ಇಡುತ್ತಿದ್ದರು. ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಹೇಗೂ ಕೋರ್ಟಿಗೆ ಅದು ಕೆಲಸಕ್ಕೆ ಬರುತ್ತದೆ. ನೋಂದಣಿ ಆಗದ ಬರೀ ಮನೆಯೊಳಗಿನ ವಾಟ್ನಿ ಆಗಿದ್ದರೆ ಈ ದಾರಿ ಇರುತ್ತಿರಲಿಲ್ಲ.

ಎರಡು ವಾರ ಬಿಟ್ಟು ನಕಲು ಹಿಡಿದುಕೊಂಡು ಬಂದರು. ಗುಮಾಸ್ತನ ಕೈ ಬೇರೆ, ನಿಧಾನದ ಕೈ. ಅದೇ ಭಾಗ ಮತ್ತೆ ಓದಿದೆ. ಈ ಸಲ ಚುಕ್ಕಿ ಹನ್ನೊಂದು. ಶೇಕಡಾ 4. ಸರ್ವೆ ನಂಬರಿನ ಕೊನೆಯ ಅಂಕಿ ಸ್ಪಷ್ಟವಾಗಿ ಆರು. ಸರ್ಚಾರ್ಜ್ 25ಕ್ಕೆ ಇಳಿಯಿತು, ಅಂದಾಜು 6,000ಕ್ಕೆ. ಏನೇ ಆದರೂ 6,600 ದಾಟಲ್ಲ ಅಂತ ಬರೆದುಕೊಟ್ಟೆ.

ಕೆಲಸ ಮುಗಿದಾಗ ಇಂಗ್ಲಿಷ್ ಪದ 3,310 ಆಗಿದ್ದವು. ಇಡೀ ಪತ್ರದಲ್ಲಿ ಇನ್ನೂ ಒಂಬತ್ತು ಪದ ಉಳಿದಿದ್ದವು. ಅವುಗಳನ್ನು ಒಂದು ಚೀಟಿಯಲ್ಲಿ, ಪಕ್ಕದ ಪದಗಳ ಜೊತೆ, ಹೇಗೆ ಕಾಣುತ್ತವೋ ಹಾಗೇ ಬರೆದು ಮನೆಯ ಹಿರಿಯರಿಗೆ ತೋರಿಸಿ ಅಂತ ಕೊಟ್ಟಿದ್ದೆ. ಮರುದಿನ ಫೋನಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ. ನಾನು ಎರಡು ತಾಸು ತಲೆ ಕೆರೆದುಕೊಂಡಿದ್ದ ಒಂದು ಪದವನ್ನು ಕೇಳಿದ ಕೂಡಲೇ ಹೇಳಿದರು: ‘ಮಡ್ಡಿ ಹೊಲ ಅದು. ಹಳ್ಳದ ಆಚೆ.’ ಒಂಬತ್ತರಲ್ಲಿ ಆರು ಪದ ಅವರು ಬಿಡಿಸಿದರು. ನಾನು ಆ ಪದಗಳನ್ನು ಕಾಗದದ ಮೇಲೆ ಮತ್ತೆ ಹಿಡಿದು ನೋಡಿದೆ, ಆರೂ ಅಕ್ಷರಕ್ಕೆ ಅಕ್ಷರ ಕೂತವು. ಉಳಿದ ಮೂರು ಚೌಕದಲ್ಲೇ ಉಳಿದವು.

ಬಿಲ್ಲು 6,206 ರೂಪಾಯಿ. ಅಳಿಯನವರು ಆರು ಸಾವಿರ ಎಣಿಸಿ ಟೇಬಲ್ ಮೇಲೆ ಇಟ್ಟರು.

‘ಇನ್ನ ಎರಡ್ನೂರಾ ಆರು ಅಜ್ಜಗ ಬಿಡ್ರಿ ಸರ,’ ಅಂದರು. ‘ಓದಿದ್ದಕ್ಕ ನೀವ ದುಡ್ಡು ಹಿಡೀತೀರಿ ಅಂದ ಮ್ಯಾಲ ಅವರೂ ಓದ್ಯಾರಲ್ಲ.’